ಚಿಕ್ಕ ಪಾಲು ಮೊದಲು

ಒಂದು ಲಕ್ಷ ನೋಂದಣಿ ಸಂಖ್ಯೆಗಳ ಪಟ್ಟಿ ಇದೆ ಎಂದುಕೊಳ್ಳಿ. ಕಂಪ್ಯೂಟರ್ ಸೈನ್ಸ್ ಓದುವ ಹುಡುಗಿಯೊಬ್ಬಳು ಪಠ್ಯಪುಸ್ತಕ ನೋಡಿ ಕ್ವಿಕ್‌ಸಾರ್ಟ್ ಬರೆದು, ಈ ಪಟ್ಟಿಯನ್ನು ಏರಿಕೆಯ ಕ್ರಮಕ್ಕೆ ತರುತ್ತಾಳೆ. ಸಂಖ್ಯೆಗಳು ಅಡ್ಡಾದಿಡ್ಡಿಯಾಗಿದ್ದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಈಗಷ್ಟೇ ಕ್ರಮಕ್ಕೆ ಬಂದ ಆ ಪಟ್ಟಿಯನ್ನೇ ಮತ್ತೊಮ್ಮೆ ಅದೇ ಪ್ರೋಗ್ರಾಮ್‌ಗೆ ಕೊಟ್ಟರೆ ವಿಂಡೋಸ್ ಯಂತ್ರದಲ್ಲಿ ಅದು ಅರ್ಧದಲ್ಲೇ ಸತ್ತುಹೋಗುತ್ತದೆ. ಲಿನಕ್ಸ್‌ನಲ್ಲಿ ಕೆಲವು ಸೆಕೆಂಡು ತಡವಾದರೂ ಉತ್ತರ ಬರುತ್ತದೆ. ಅಲ್ಲೂ ಪಟ್ಟಿಯನ್ನು ಎರಡು ಲಕ್ಷಕ್ಕೆ ಏರಿಸಿದರೆ ತೆರೆಯ ಮೇಲೆ ಉಳಿಯುವುದು `Segmentation fault` ಎಂಬ ಒಂದು ಸಾಲು ಮಾತ್ರ.

ಮಾಡಲು ಏನೂ ಇಲ್ಲದ ಕಡೆಯೇ ಪ್ರೋಗ್ರಾಮ್ ಮುಗ್ಗರಿಸುತ್ತದೆ ಎಂಬುದು ಮೊದಲ ಸಲ ನೋಡಿದವರಿಗೆ ನಂಬಲಾಗದ ಸಂಗತಿ. ಇದು ಅಪರೂಪದ ಸಂದರ್ಭವೂ ಅಲ್ಲ. ನಿಜವಾದ ಕಚೇರಿ ಕಡತಗಳಲ್ಲಿ ಪಟ್ಟಿಗಳು ಬಹುಪಾಲು ಮೊದಲೇ ಕ್ರಮದಲ್ಲಿರುತ್ತವೆ. ನಿನ್ನೆ ಜೋಡಿಸಿದ್ದಕ್ಕೆ ಇವತ್ತು ನಾಲ್ಕು ಹೆಸರು ಸೇರಿರುತ್ತದೆ, ಅಷ್ಟೆ. ಈ ಕುಸಿತವನ್ನು ತಪ್ಪಿಸಲು ಒಂದು ಸಣ್ಣ ಉಪಾಯವಿದೆ. ಅದು ಕ್ವಿಕ್‌ಸಾರ್ಟ್‌ನಷ್ಟೇ ಹಳೆಯದು ಎನ್ನಬಹುದು. ಅದನ್ನು ತಿಳಿಯುವ ಮೊದಲು ಕ್ವಿಕ್‌ಸಾರ್ಟ್ ಮಾಡುವುದೇನು ಎಂದು ನೋಡಬೇಕು.

7, 2, 9, 4, 1, 8, 3, 5 ಎಂಬ ಎಂಟು ಸಂಖ್ಯೆಗಳಿವೆ. ಕ್ವಿಕ್‌ಸಾರ್ಟ್ ಇವುಗಳಲ್ಲಿ ಒಂದನ್ನು ಅಳತೆಗೋಲಾಗಿ ಆರಿಸಿಕೊಳ್ಳುತ್ತದೆ. ಇದಕ್ಕೆ ಪಿವಟ್ ಎಂದು ಹೆಸರು. ಸರಳ ಪಾಠಗಳಲ್ಲಿ ಪಟ್ಟಿಯ ಕೊನೆಯ ಸಂಖ್ಯೆಯೇ ಪಿವಟ್ ಆಗಿರುತ್ತದೆ. ಇಲ್ಲಿ ಅದು 5. ಐದಕ್ಕಿಂತ ಚಿಕ್ಕವಾದ 2, 4, 1, 3 ಎಡಕ್ಕೆ ಹೋಗುತ್ತವೆ, ದೊಡ್ಡವಾದ 7, 9, 8 ಬಲಕ್ಕೆ. ಆ ಎರಡು ಗುಂಪುಗಳ ಒಳಗಿನ ಕ್ರಮ ಹೇಗೇ ಇರಲಿ, 5 ಮಾತ್ರ ತನ್ನ ಕೊನೆಯ ಜಾಗದಲ್ಲಿ ಕೂತಾಯಿತು, ಇನ್ನು ಕದಲುವುದಿಲ್ಲ. ಈಗ ಎಡಗುಂಪಿಗೂ ಬಲಗುಂಪಿಗೂ ಇದೇ ಕೆಲಸ ಮಾಡಿದರೆ ಸಾಕು. ಗುಂಪು ಒಡೆಯುತ್ತಾ ಒಡೆಯುತ್ತಾ ಒಂದೊಂದೇ ಸಂಖ್ಯೆ ಉಳಿದಾಗ ಇಡೀ ಪಟ್ಟಿ ಕ್ರಮದಲ್ಲಿರುತ್ತದೆ.

ಗುಂಪು ಎರಡಾದಾಗ ಕಂಪ್ಯೂಟರ್ ಎರಡನ್ನೂ ಒಟ್ಟಿಗೆ ಮಾಡಲಾರದು. ಒಂದಕ್ಕೆ ಇಳಿಯಬೇಕು, ಇನ್ನೊಂದು ಬಾಕಿ ಇದೆ ಎಂದು ನೆನಪಿಡಬೇಕು. ಹಳೆಯ ಅಂಗಡಿಗಳಲ್ಲಿ ಬಿಲ್ಲು ಚುಚ್ಚಿಡುವ ತಂತಿ ಇರುತ್ತಿತ್ತಲ್ಲ, ಕಂಪ್ಯೂಟರಿನ ಬಾಕಿ ಲೆಕ್ಕ ಥೇಟ್ ಹಾಗೆಯೇ. ಒಂದೊಂದು ಬಾಕಿ ಕೆಲಸಕ್ಕೂ ಒಂದು ಚೀಟಿ ಬರೆದು ತಂತಿಗೆ ಚುಚ್ಚುತ್ತದೆ. ತೆಗೆಯುವಾಗ ಕೊನೆಗೆ ಚುಚ್ಚಿದ್ದೇ ಮೊದಲು ಕೈಗೆ ಬರುತ್ತದೆ. ಈ ತಂತಿಗೆ ಸ್ಟ್ಯಾಕ್ ಎಂದು ಹೆಸರು. ಒಂದು ಫಂಕ್ಷನ್ ತನ್ನನ್ನೇ ತಾನು ಕರೆದುಕೊಂಡಾಗ, ಅಂದರೆ ರಿಕರ್ಷನ್ ನಡೆದಾಗ, ಪ್ರತಿ ಕರೆಗೂ ಒಂದು ಚೀಟಿ ಏರುತ್ತದೆ. ಪಟ್ಟಿಯ ಯಾವ ತುಂಡಿನಲ್ಲಿದ್ದೆ, ಪಿವಟ್ ಎಲ್ಲಿ ಕೂತಿತು, ಮುಗಿದ ಮೇಲೆ ಎಲ್ಲಿಗೆ ಹಿಂದಿರುಗಬೇಕು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ.

ತಂತಿಯ ಉದ್ದಕ್ಕೆ ಮಿತಿಯಿದೆ. ವಿಂಡೋಸ್‌ನಲ್ಲಿ ಒಂದು ಪ್ರೋಗ್ರಾಮ್‌ಗೆ ಸಾಮಾನ್ಯವಾಗಿ 1 ಎಂಬಿ ಸ್ಟ್ಯಾಕ್ ಸಿಗುತ್ತದೆ, ಲಿನಕ್ಸ್‌ನಲ್ಲಿ 8 ಎಂಬಿ. ಯಂತ್ರದಲ್ಲಿ 16 ಜಿಬಿ ಮೆಮೊರಿ ಇದ್ದರೂ ಈ ಮಿತಿ ತಾನಾಗಿ ಬೆಳೆಯುವುದಿಲ್ಲ. ಒಂದು ಚೀಟಿಗೆ 64 ಬೈಟ್ ಎಂದಿಟ್ಟುಕೊಳ್ಳೋಣ. ಇಂಥ ಚಿಕ್ಕ ಫಂಕ್ಷನ್‌ಗೆ ಅದು ಹತ್ತಿರದ ಲೆಕ್ಕ.

ಈಗ ಕ್ರಮದಲ್ಲೇ ಇರುವ ಒಂದು ಲಕ್ಷದ ಪಟ್ಟಿಗೆ ಬನ್ನಿ. ಕೊನೆಯ ಸಂಖ್ಯೆ ಪಿವಟ್. ಅದು ಎಲ್ಲಕ್ಕಿಂತ ದೊಡ್ಡದು. ಆದ್ದರಿಂದ ಎಡಕ್ಕೆ 99,999 ಸಂಖ್ಯೆಗಳು, ಬಲಕ್ಕೆ ಸೊನ್ನೆ. ಪ್ರೋಗ್ರಾಮ್ ‘ಬಲಗಡೆ ಬಾಕಿ’ ಎಂದು ಚೀಟಿ ಚುಚ್ಚಿ ಎಡಕ್ಕೆ ಇಳಿಯುತ್ತದೆ. ಅಲ್ಲಿ ಮತ್ತೆ ಎಡಕ್ಕೆ 99,998, ಬಲಕ್ಕೆ ಸೊನ್ನೆ, ಇನ್ನೊಂದು ಚೀಟಿ. ಹೀಗೆ ಪಟ್ಟಿ ಮುಗಿಯುವ ಹೊತ್ತಿಗೆ ತಂತಿಯ ಮೇಲೆ ಹತ್ತಿರ ಹತ್ತಿರ ಒಂದು ಲಕ್ಷ ಚೀಟಿಗಳು ಕೂತಿರುತ್ತವೆ, 64 ಬೈಟ್‌ನಂತೆ 6.4 ಎಂಬಿ. ವಿಂಡೋಸ್‌ನ ತಂತಿ ಎಂದೋ ತುಂಬಿ ಹೋಯಿತು. ಲಿನಕ್ಸ್‌ನಲ್ಲಿ ಒಂದು ಲಕ್ಷ ಹೇಗೋ ಹಿಡಿಸಿತು, ಎರಡು ಲಕ್ಷಕ್ಕೆ 12.8 ಎಂಬಿ ಬೇಕು, ಹಿಡಿಸಲಿಲ್ಲ. ಆ ಚೀಟಿಗಳಲ್ಲಿ ಒಂದರಲ್ಲೂ ಕೆಲಸವಿಲ್ಲ ಎಂಬುದನ್ನು ಗಮನಿಸಿ. ಎಲ್ಲದರಲ್ಲೂ ಬರೆದಿರುವುದು ಖಾಲಿ ಬಲಗಡೆಯೇ. ಮಾಡಬೇಕಾದ್ದು ಏನೂ ಇಲ್ಲದ ಒಂದು ಲಕ್ಷ ಬಾಕಿಗಳನ್ನು ನೆನಪಿಟ್ಟುಕೊಂಡೇ ಪ್ರೋಗ್ರಾಮ್ ಸತ್ತಿತು.

ಉಪಾಯ ಇಲ್ಲಿಂದಲೇ ಹೊಳೆಯುತ್ತದೆ. ಎರಡು ಪಾಲುಗಳಲ್ಲಿ ಯಾವುದಕ್ಕೆ ಮೊದಲು ಇಳಿಯಬೇಕೆಂಬ ನಿರ್ಧಾರ ಪ್ರೋಗ್ರಾಮ್ ಬರೆಯುವವರ ಕೈಯಲ್ಲಿದೆ. ಎಡ ಮೊದಲೋ ಬಲ ಮೊದಲೋ, ಉತ್ತರ ಒಂದೇ. ಹಾಗಿರುವಾಗ ಎಡ–ಬಲ ನೋಡದೆ ಗಾತ್ರ ನೋಡೋಣ: ಚಿಕ್ಕ ಪಾಲಿಗೆ ಮೊದಲು ಇಳಿದು ಮುಗಿಸಿ, ಹಿಂದಿರುಗಿ ಬಂದು ದೊಡ್ಡ ಪಾಲನ್ನು ಹಿಡಿಯೋಣ. ಹಿಂದಿರುಗಿದ ಮೇಲೆ ದೊಡ್ಡ ಪಾಲಿಗಾಗಿ ಹೊಸ ಚೀಟಿ ಬೇಕಿಲ್ಲ, ಏಕೆಂದರೆ ಅದಾದ ಮೇಲೆ ನೆನಪಿಡಬೇಕಾದ್ದು ಏನೂ ಉಳಿದಿಲ್ಲ. ಕೈಯಲ್ಲಿರುವ ಚೀಟಿಯಲ್ಲೇ ತುಂಡಿನ ಗಡಿ ತಿದ್ದಿಕೊಂಡು ಅಲ್ಲಿಯೇ ಸುತ್ತು ಮುಂದುವರಿಸಬಹುದು. ಸಿ ಭಾಷೆಯಲ್ಲಿ ಇದು ಹತ್ತು–ಹನ್ನೆರಡು ಸಾಲು:

```c
void sort(int a[], int lo, int hi) {
    while (lo < hi) {
        int p = partition(a, lo, hi);
        if (p - lo < hi - p) {
            sort(a, lo, p - 1);
            lo = p + 1;
        } else {
            sort(a, p + 1, hi);
            hi = p - 1;
        }
    }
}
```

`lo`, `hi` ಎಂದರೆ ತುಂಡಿನ ಎರಡು ತುದಿ, `p` ಎಂದರೆ ಪಿವಟ್ ಕೂತ ಜಾಗ. `p - lo` ಎಡಪಾಲಿನ ಗಾತ್ರ, `hi - p` ಬಲಪಾಲಿನ ಗಾತ್ರ. ಎಡ ಚಿಕ್ಕದಾದರೆ ಎಡಕ್ಕೆ ಇಳಿ, ಮುಗಿದ ಮೇಲೆ `lo` ಅನ್ನು ಪಿವಟ್‌ನ ಆಚೆಗೆ ಸರಿಸಿ ಬಲಪಾಲಿನಲ್ಲಿ ಸುತ್ತು ಹಾಕು. ಇಲ್ಲವಾದರೆ ಅದರ ತಿರುಗುಮುರುಗು. ಹೋಲಿಕೆಯ ಒಂದು ಸಾಲು, `if` ಬದಲಿಗೆ `while` — ಪಠ್ಯಪುಸ್ತಕದ ಕ್ವಿಕ್‌ಸಾರ್ಟ್‌ಗೂ ಇದಕ್ಕೂ ಇರುವ ವ್ಯತ್ಯಾಸ ಹೆಚ್ಚುಕಡಿಮೆ ಇಷ್ಟೇ.

ಇದರಿಂದ ಎಷ್ಟು ಉಳಿತಾಯ ಎಂಬುದು ಊಹೆಯ ಮಾತಲ್ಲ, ಖಚಿತವಾಗಿ ಎಣಿಸಬಹುದು. ಎರಡು ಪಾಲುಗಳಲ್ಲಿ ಚಿಕ್ಕದು ಎಂದೂ ಅರ್ಧಕ್ಕಿಂತ ಹೆಚ್ಚಿರಲಾರದು. ಹೊಸ ಚೀಟಿ ಏರುವುದು ಚಿಕ್ಕ ಪಾಲಿಗೆ ಇಳಿದಾಗ ಮಾತ್ರ. ಹಾಗಾದರೆ ತಂತಿಯ ಮೇಲೆ ಒಂದೊಂದು ಚೀಟಿ ಏರಿದಾಗಲೂ ಕೈಯಲ್ಲಿರುವ ತುಂಡು ಅರ್ಧಕ್ಕೆ ಇಳಿದಿರಲೇಬೇಕು. ಒಂದು ಲಕ್ಷದಿಂದ ಹೊರಟರೆ ಮುಂದಿನ ತುಂಡು ಹೆಚ್ಚೆಂದರೆ 49,999, ಆಮೇಲೆ 24,999, 12,499, 6,249 ಎಂದು ಇಳಿಯುತ್ತಾ ಹದಿನಾರನೆಯ ಹಂತಕ್ಕೆ ಎರಡೇ ಸಂಖ್ಯೆ ಉಳಿಯುತ್ತವೆ. ಅದರಾಚೆಗೆ ಒಡೆಯಲು ಏನೂ ಇಲ್ಲ. 16 ಚೀಟಿಗೆ 64 ಬೈಟ್‌ನಂತೆ ಬೇಕಾದ ಜಾಗ 1 ಕೆಬಿ. ಹಿಂದೆ ಇದೇ ಪಟ್ಟಿ 6.4 ಎಂಬಿ ಕೇಳಿತ್ತು. ಪಟ್ಟಿ ಹತ್ತು ಲಕ್ಷಕ್ಕೆ ಬೆಳೆದರೆ ಹಂತಗಳು 16ರಿಂದ 19ಕ್ಕೆ ಏರುತ್ತವೆ. ಪಟ್ಟಿ ಇಮ್ಮಡಿಯಾದಾಗ ಒಂದೇ ಒಂದು ಚೀಟಿ ಹೆಚ್ಚು ಬೇಕಾಗುತ್ತದೆ. ಗಣಿತದವರು ಇದನ್ನು ಎರಡರ ಆಧಾರದ ಲಾಗರಿದಮ್ ಎನ್ನುತ್ತಾರೆ. ಎಷ್ಟು ಸಲ ಅರ್ಧ ಮಾಡಬಹುದು ಎಂಬ ಎಣಿಕೆಯೇ ಅದು.

ಈ ಲೆಕ್ಕದಲ್ಲಿ ಪಿವಟ್ ಹೇಗೆ ಆರಿಸಿದೆವು, ಪಟ್ಟಿ ಯಾವ ಕ್ರಮದಲ್ಲಿತ್ತು ಎಂಬ ಪ್ರಶ್ನೆ ಬರಲೇ ಇಲ್ಲ. ಬೇಕೆಂದೇ ಕೆಡಿಸಲು ಯಾರಾದರೂ ಕುಟಿಲ ಪಟ್ಟಿ ತಯಾರಿಸಿ ಕೊಟ್ಟರೂ 16 ದಾಟುವುದಿಲ್ಲ. ನನಗೆ ಈ ಉಪಾಯ ಇಷ್ಟವಾಗುವುದು ಅದಕ್ಕೇ. ‘ಸಾಮಾನ್ಯವಾಗಿ ಸರಿಹೋಗುತ್ತದೆ’ ಎಂದಲ್ಲ, ಹದಿನಾರಕ್ಕಿಂತ ಹೆಚ್ಚಾಗುವುದು ಸಾಧ್ಯವೇ ಇಲ್ಲ.

ಇದರಲ್ಲಿ ಇನ್ನೊಂದು ಚೆಂದದ ತಿರುವಿದೆ. ಹಳೆಯ ಪ್ರೋಗ್ರಾಮ್‌ನ್ನು ಕೊಂದ ಕ್ರಮಬದ್ಧ ಪಟ್ಟಿಯನ್ನು ಹೊಸದಕ್ಕೆ ಕೊಟ್ಟರೆ ತಂತಿ ಎಷ್ಟು ತುಂಬುತ್ತದೆ? ಬಲಪಾಲು ಖಾಲಿ, ಅದೇ ಚಿಕ್ಕದು. ಅದಕ್ಕೆ ಇಳಿದ ಕೂಡಲೇ ಮಾಡಲು ಏನೂ ಇಲ್ಲವೆಂದು ಹಿಂದಿರುಗಿ, ಎಡದ 99,999ಕ್ಕೆ ಅದೇ ಚೀಟಿಯಲ್ಲಿ ಸುತ್ತು ಹಾಕುತ್ತದೆ. ಕೊನೆಯವರೆಗೂ ಇದೇ ಕತೆ. ನಿಜವಾದ ಕೆಲಸವಿರುವ ಚೀಟಿ ಒಂದೇ. ಹಿಂದೆ ಅತಿ ಆಳಕ್ಕೆ ಕೊಂಡೊಯ್ದ ಪಟ್ಟಿ ಈಗ ಅತಿ ಮೇಲುಮೇಲಿನದಾಯಿತು. ಹದಿನಾರರ ಆಳ ಬೇಕಾಗುವುದು ಪ್ರತಿ ಸಲವೂ ಪಟ್ಟಿ ಸರಿಯಾಗಿ ಎರಡು ಸಮಪಾಲಾದಾಗ, ಅಂದರೆ ಕ್ವಿಕ್‌ಸಾರ್ಟ್ ಅತಿ ವೇಗವಾಗಿ ಓಡುವ ಸಂದರ್ಭದಲ್ಲಿ. ವೇಗಕ್ಕೆ ಅತ್ಯುತ್ತಮವಾದದ್ದು ಸ್ಟ್ಯಾಕ್‌ಗೆ ಅತಿ ಭಾರ, ವೇಗಕ್ಕೆ ಅತಿ ಕೆಟ್ಟದ್ದು ಸ್ಟ್ಯಾಕ್‌ಗೆ ಅತಿ ಹಗುರ.

ಹಾಗೆಂದು ಕ್ರಮಬದ್ಧ ಪಟ್ಟಿಯ ತೊಂದರೆ ಪೂರ್ತಿ ನೀಗಿತು ಎಂದುಕೊಂಡರೆ ತಪ್ಪಾಗುತ್ತದೆ. ಉಪಾಯ ಕಾಪಾಡುವುದು ಜಾಗವನ್ನು, ಸಮಯವನ್ನಲ್ಲ. ಅಡ್ಡಾದಿಡ್ಡಿ ಇರುವ ಒಂದು ಲಕ್ಷ ಸಂಖ್ಯೆಗಳನ್ನು ಜೋಡಿಸಲು ಸರಾಸರಿ ಸುಮಾರು 20 ಲಕ್ಷ ಹೋಲಿಕೆಗಳು ಸಾಕು. ಕ್ರಮದಲ್ಲಿರುವ ಪಟ್ಟಿಗೆ, ಕೊನೆಯ ಸಂಖ್ಯೆಯೇ ಪಿವಟ್ ಆದಾಗ, ಮೊದಲ ಸುತ್ತಿಗೆ 99,999, ಎರಡನೆಯದಕ್ಕೆ 99,998 ಎಂದು ಕೂಡುತ್ತಾ ಹೋಗಿ ಸುಮಾರು 500 ಕೋಟಿ ಹೋಲಿಕೆಗಳಾಗುತ್ತವೆ. ಎರಡೂವರೆ ಸಾವಿರ ಪಟ್ಟು ಹೆಚ್ಚು! ಚಿಕ್ಕ ಪಾಲನ್ನು ಮೊದಲು ಹಿಡಿದರೂ ಆ 500 ಕೋಟಿಯಲ್ಲಿ ಒಂದೂ ಕಡಿಮೆಯಾಗುವುದಿಲ್ಲ. ಕುಸಿಯುತ್ತಿದ್ದ ಪ್ರೋಗ್ರಾಮ್ ಈಗ ಕುಸಿಯದೆ ನಿಧಾನವಾಗಿ ಉತ್ತರ ಕೊಡುತ್ತದೆ. ಸಮಯದ ಸಮಸ್ಯೆಗೆ ಔಷಧಿ ಬೇರೆ: ಪಿವಟ್‌ನ್ನು ಮನಬಂದ ಕಡೆಯಿಂದ ಆರಿಸುವುದು, ಇಲ್ಲವೇ ಮೊದಲ, ನಡುವಿನ, ಕೊನೆಯ ಮೂರರಲ್ಲಿ ಮಧ್ಯದ ಬೆಲೆಯದನ್ನು ತೆಗೆದುಕೊಳ್ಳುವುದು. ಇವು ಕೆಟ್ಟ ಸಂದರ್ಭವನ್ನು ಅಪರೂಪ ಮಾಡುತ್ತವೆಯೇ ಹೊರತು ಅಸಾಧ್ಯ ಮಾಡುವುದಿಲ್ಲ. ಆದ್ದರಿಂದ ಒಂದು ಇದ್ದರೆ ಇನ್ನೊಂದು ಬೇಡ ಎನ್ನುವಂತಿಲ್ಲ.

ಕ್ವಿಕ್‌ಸಾರ್ಟ್ ಕಂಡುಹಿಡಿದವರು ಟೋನಿ ಹೋರ್. 1959ರಲ್ಲಿ ಅವರು ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದರು. ರಷ್ಯನ್ ವಾಕ್ಯಗಳನ್ನು ಕಂಪ್ಯೂಟರಿನಿಂದ ಇಂಗ್ಲಿಷಿಗೆ ತರುವ ಪ್ರಯತ್ನ ಆಗ ನಡೆದಿತ್ತು. ನಿಘಂಟು ಇದ್ದದ್ದು ಟೇಪಿನ ಮೇಲೆ. ವಾಕ್ಯದ ಪದಗಳನ್ನು ಮೊದಲು ಅಕಾರಾದಿಯಾಗಿ ಜೋಡಿಸಿಕೊಂಡರೆ ಟೇಪನ್ನು ಒಂದೇ ಸಲ ಓಡಿಸಿ ಎಲ್ಲ ಪದಗಳನ್ನೂ ಹುಡುಕಬಹುದು. ಆ ಜೋಡಣೆಗೆಂದೇ ಅವರಿಗೆ ಈ ವಿಧಾನ ಹೊಳೆದದ್ದು. ಇಂಗ್ಲೆಂಡಿಗೆ ಮರಳಿ ಎಲಿಯಟ್ ಬ್ರದರ್ಸ್ ಕಂಪನಿ ಸೇರಿದಾಗ ಷೆಲ್ ಎಂಬವರ ವಿಧಾನವನ್ನು ಪ್ರೋಗ್ರಾಮ್ ಮಾಡಲು ಹೇಳಿದರಂತೆ. ಇದಕ್ಕಿಂತ ವೇಗವಾದದ್ದು ನನ್ನಲ್ಲಿದೆ ಎಂದು ಹೋರ್ ತಮ್ಮ ಮೇಲಧಿಕಾರಿಯ ಜೊತೆ ಆರು ಪೆನ್ಸ್ ಪಂದ್ಯ ಕಟ್ಟಿ ಗೆದ್ದರು. 1980ರ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ. ತಮ್ಮ ವಿಧಾನವನ್ನು ಬೇರೆಯವರಿಗೆ ವಿವರಿಸುವುದು ಮೊದಮೊದಲು ಅವರಿಗೆ ಕಷ್ಟವಾಗಿತ್ತು. ಆಲ್ಗಾಲ್ 60 ಭಾಷೆಯಲ್ಲಿ ಫಂಕ್ಷನ್ ತನ್ನನ್ನೇ ಕರೆದುಕೊಳ್ಳಬಹುದು ಎಂದು ಕಲಿತ ಮೇಲೆಯೇ ಅದನ್ನು ಚುಟುಕಾಗಿ ಬರೆಯಲು ಸಾಧ್ಯವಾಯಿತು.

ಆದರೆ ಯಂತ್ರಕ್ಕೆ ಇಳಿಸುವಾಗ ಜಾಗದ ಚಿಂತೆ ಬಂದೇ ಬರುತ್ತದೆ. ಆ ಕಾಲದ ಕಂಪ್ಯೂಟರುಗಳಲ್ಲಿ ಬಾಕಿ ಚೀಟಿಗೆಂದು ಧಾರಾಳವಾಗಿ ಮೆಮೊರಿ ಕೊಡುವ ಮಾತೇ ಇರಲಿಲ್ಲ. 1962ರಲ್ಲಿ ದಿ ಕಂಪ್ಯೂಟರ್ ಜರ್ನಲ್‌ನಲ್ಲಿ ಬಂದ ಹೋರ್ ಅವರ ಲೇಖನದಲ್ಲಿ, ಎರಡು ತುಂಡುಗಳಲ್ಲಿ ದೊಡ್ಡದನ್ನು ಮುಂದೂಡಿದರೆ ಬಾಕಿಗಳ ಸಂಖ್ಯೆ ಲಾಗರಿದಮ್ ಮೀರುವುದಿಲ್ಲ ಎಂಬ ಮಾತು ಆಗಲೇ ಇದೆ. ಇಂದಿನ ಎಷ್ಟೋ ಪಾಠಗಳು ಚುಟುಕು ರೂಪವನ್ನು ಉಳಿಸಿಕೊಂಡು ಈ ಮಾತನ್ನು ಕೈಬಿಟ್ಟಿವೆ. ಇದು ಮುಂದುವರಿದ ವಿದ್ಯಾರ್ಥಿಗಳಿಗೆ ಬಿಡಬೇಕಾದ ಅಡಿಟಿಪ್ಪಣಿ ಅಲ್ಲ, ಮೊದಲ ಪಾಠದಲ್ಲೇ ಸೇರಬೇಕಾದ್ದು ಎಂಬುದು ನನ್ನ ಅಭಿಪ್ರಾಯ.

ಲಿನಕ್ಸ್‌ನ ಸಿ ಲೈಬ್ರರಿಯಾದ ಗ್ಲಿಬ್‌ಸಿಯಲ್ಲಿ ಬಹುಕಾಲ ಇದ್ದ ಕ್ವಿಕ್‌ಸಾರ್ಟ್ ಈ ಉಪಾಯದ ಮೇಲೆ ಪೂರ್ತಿ ನಂಬಿಕೆ ಇಟ್ಟಿತ್ತು. ಅದರಲ್ಲಿ ರಿಕರ್ಷನ್ ಇರಲಿಲ್ಲ. ಬಾಕಿ ಚೀಟಿಗಳಿಗೆ ತಾನೇ ಒಂದು ಪುಟ್ಟ ಕಟ್ಟು ಇಟ್ಟುಕೊಂಡಿತ್ತು. ಅದರ ಗಾತ್ರ ಓಡುವಾಗ ಬದಲಾಗುವುದಲ್ಲ, ಮೊದಲೇ ನಿಗದಿ: 64 ಬಿಟ್ ಯಂತ್ರದಲ್ಲಿ 64 ಚೀಟಿಗಳು. ಅಂಥ ಯಂತ್ರದಲ್ಲಿ ಪಟ್ಟಿಯ ಉದ್ದವನ್ನು ಬರೆಯುವುದೇ 64 ಬಿಟ್‌ಗಳಲ್ಲಿ. ಹಾಗಾಗಿ ಯಾವ ಪಟ್ಟಿಯನ್ನೂ 64 ಸಲಕ್ಕಿಂತ ಹೆಚ್ಚು ಅರ್ಧ ಮಾಡಲು ಬರುವುದಿಲ್ಲ. ದೊಡ್ಡ ಪಾಲು ಕಟ್ಟಿಗೆ, ಚಿಕ್ಕ ಪಾಲು ಕೈಗೆ ಎಂಬ ನಿಯಮ ಪಾಲಿಸಿದ್ದರಿಂದ ಅದು ‘ಜಾಗ ತುಂಬಿತೇ’ ಎಂದು ಒಮ್ಮೆಯೂ ಪರೀಕ್ಷಿಸಿ ನೋಡಬೇಕಾಗಿರಲಿಲ್ಲ.

ಎಲ್ಲರೂ ಇದೇ ದಾರಿ ಹಿಡಿದಿಲ್ಲ. ಡೇವಿಡ್ ಮಸ್ಸರ್ 1997ರಲ್ಲಿ ಪ್ರಕಟಿಸಿದ ಇಂಟ್ರೋಸಾರ್ಟ್ ಬೇರೊಂದು ಉಪಾಯ ಮಾಡುತ್ತದೆ. ಒಡೆಯುವಿಕೆಗಳನ್ನು ಎಣಿಸುತ್ತಾ, ಎಣಿಕೆ ಲಾಗರಿದಮ್‌ನ ಇಮ್ಮಡಿ ಮುಟ್ಟಿದರೆ ಕ್ವಿಕ್‌ಸಾರ್ಟ್ ಬಿಟ್ಟು ಹೀಪ್‌ಸಾರ್ಟ್‌ಗೆ ತಿರುಗಿಕೊಳ್ಳುತ್ತದೆ. ಜಿಸಿಸಿ ಜೊತೆ ಬರುವ ಸಿ++ ಲೈಬ್ರರಿಯ `std::sort` ಆಧರಿಸಿರುವುದು ಇದನ್ನೇ. ಅದು ಪಾಲುಗಳ ಗಾತ್ರ ಹೋಲಿಸುವುದೇ ಇಲ್ಲ. ಯಾವಾಗಲೂ ಬಲಕ್ಕೆ ಇಳಿಯುತ್ತದೆ, ಎಡಕ್ಕೆ ಸುತ್ತು ಹಾಕುತ್ತದೆ. ಎಣಿಕೆಯ ಮಿತಿಯೇ ಸ್ಟ್ಯಾಕ್‌ನ್ನೂ ಸಮಯವನ್ನೂ ಒಟ್ಟಿಗೆ ಕಾಯುವುದರಿಂದ ಅದಕ್ಕೆ ಇದು ನಡೆಯುತ್ತದೆ. ಆ ಕೋಡ್ ನೋಡಿ, ಗಾತ್ರ ಹೋಲಿಸುವ ಅಗತ್ಯವಿಲ್ಲ ಎಂದು ನಿರ್ಧರಿಸಿ, ಎಣಿಕೆಯ ಮಿತಿಯನ್ನೂ ಬಿಟ್ಟು ಬರೆದರೆ ಮತ್ತೆ ಲಕ್ಷ ಚೀಟಿಗಳ ಕತೆಗೇ ಮರಳಿದಂತೆ.

ಈ ಉಪಾಯ ಬಳಸುವವರು ಎಡವುವ ಜಾಗ ಮುಖ್ಯವಾಗಿ ಎರಡು. ಮೊದಲನೆಯದು, ಚಿಕ್ಕ ಪಾಲಿಗೆ ಮೊದಲು ಇಳಿದು, ದೊಡ್ಡದಕ್ಕೆ ಸುತ್ತು ಹಾಕುವ ಬದಲು ಇನ್ನೊಂದು ಕರೆ ಬರೆಯುವುದು. ನೋಡಲು ‘ಚಿಕ್ಕದು ಮೊದಲು’ ಎಂಬ ನಿಯಮ ಪಾಲಿಸಿದಂತೆಯೇ ಕಾಣುತ್ತದೆ. ಆದರೆ ದೊಡ್ಡ ಪಾಲಿನ ಕರೆಗೂ ಚೀಟಿ ಏರುವುದರಿಂದ ಕ್ರಮಬದ್ಧ ಪಟ್ಟಿಯಲ್ಲಿ ಮತ್ತೆ ಒಂದು ಲಕ್ಷ ಚೀಟಿಗಳು ಕೂರುತ್ತವೆ. ಇಲ್ಲೊಂದು ಮೋಸವಿದೆ. ಫಂಕ್ಷನ್‌ನ ಕಟ್ಟಕಡೆಯ ಕೆಲಸ ಇನ್ನೊಂದು ಕರೆಯಾಗಿದ್ದರೆ, ಜಿಸಿಸಿಯಂಥ ಕಂಪೈಲರ್ `-O2` ಎಂದು ಹೇಳಿದಾಗ ಆ ಕರೆಯನ್ನು ತಾನೇ ಸುತ್ತಾಗಿ ಬದಲಿಸುತ್ತದೆ. `-O0` ಎಂದರೆ, ಅಂದರೆ ದೋಷ ಹುಡುಕುವಾಗ ಬಳಸುವ ರೂಪದಲ್ಲಿ, ಬದಲಿಸುವುದಿಲ್ಲ. ಒಂದೇ ಪ್ರೋಗ್ರಾಮ್ ಗಿರಾಕಿಯ ಯಂತ್ರದಲ್ಲಿ ಓಡಿ ಬರೆದವರ ಯಂತ್ರದಲ್ಲಿ ಸಾಯುವುದು ಹೀಗೆ. ಜಾವಾ ಮತ್ತು ಸಾಮಾನ್ಯ ಪೈಥಾನ್ ಈ ಉಪಕಾರ ಮಾಡುವುದೇ ಇಲ್ಲ. ಪೈಥಾನ್‌ನಲ್ಲಂತೂ ರಿಕರ್ಷನ್ ಮಿತಿ ಸಾಮಾನ್ಯವಾಗಿ 1000; ಎರಡು ಸಾವಿರದ ಕ್ರಮಬದ್ಧ ಪಟ್ಟಿ ಕೊಟ್ಟರೆ ಸಾಕು, `RecursionError: maximum recursion depth exceeded` ಎಂದು ನಿಂತುಬಿಡುತ್ತದೆ. ಕರೆಯನ್ನು ಸುತ್ತಾಗಿಸುವ ಕೆಲಸವನ್ನು ಕಂಪೈಲರಿಗೆ ಬಿಡದೆ `while` ಅನ್ನು ಕೈಯಾರೆ ಬರೆಯುವುದು ಒಳ್ಳೆಯದು.

ಎರಡನೆಯದು ಹೋಲಿಕೆಯ ಚಿಹ್ನೆ ತಿರುವುಮುರುವಾಗುವುದು, `<` ಇರಬೇಕಾದಲ್ಲಿ `>`. ಆಗ ಪ್ರೋಗ್ರಾಮ್ ದೊಡ್ಡ ಪಾಲಿಗೆ ಇಳಿದು ಚಿಕ್ಕದಕ್ಕೆ ಸುತ್ತು ಹಾಕುತ್ತದೆ. ಈ ದೋಷವನ್ನು ಫಲಿತಾಂಶ ನೋಡಿ ಹಿಡಿಯಲಾಗುವುದಿಲ್ಲ, ಏಕೆಂದರೆ ಜೋಡಣೆ ಪ್ರತಿ ಸಲವೂ ಸರಿಯಾಗಿಯೇ ಬರುತ್ತದೆ. ಅಡ್ಡಾದಿಡ್ಡಿ ಪಟ್ಟಿಗಳಲ್ಲಿ ಆಳವೂ ಕೆಲವು ಹತ್ತುಗಳನ್ನು ದಾಟದು, ಕುಸಿತದ ಸುಳಿವೂ ಸಿಗದು. ಹಿಡಿಯುವ ದಾರಿ ಎಂದರೆ ಆಳವನ್ನೇ ಅಳೆಯುವುದು. ಫಂಕ್ಷನ್‌ಗೆ ಒಳಬಂದಾಗ ಒಂದು ಎಣಿಕೆಯನ್ನು ಏರಿಸಿ, ಹೊರಡುವಾಗ ಇಳಿಸಿ, ಮುಟ್ಟಿದ ಅತಿ ದೊಡ್ಡ ಬೆಲೆಯನ್ನು ಕೊನೆಗೆ ಮುದ್ರಿಸಬೇಕು. ಒಂದು ಲಕ್ಷದ ಪಟ್ಟಿಯನ್ನು ಏರಿಕೆಯಲ್ಲಿ, ಇಳಿಕೆಯಲ್ಲಿ, ಎಲ್ಲ ಒಂದೇ ಸಂಖ್ಯೆಯಾಗಿ, ಅಡ್ಡಾದಿಡ್ಡಿಯಾಗಿ ಕೊಟ್ಟು ನೋಡಿ. ಖಾಲಿ ತುಂಡಿನ ಕರೆಯೂ ಸೇರಿ ಯಾವುದರಲ್ಲೂ 17 ಮೀರಬಾರದು. ಏರಿಕೆಯ ಪಟ್ಟಿಯಲ್ಲಿ 2 ಎಂದು ಬಂದರೆ ಕೋಡ್ ಸರಿಯಿದೆ. ಒಂದು ಲಕ್ಷದ ಹತ್ತಿರ ಬಂದರೆ, ಅಥವಾ ಮುದ್ರಿಸುವ ಮೊದಲೇ ಪ್ರೋಗ್ರಾಮ್ ಸತ್ತರೆ, ಆ `if` ಸಾಲಿನ ಚಿಹ್ನೆಯನ್ನು ಮೊದಲು ನೋಡಿ. ಅಲ್ಲಿ ಸರಿಯಿದ್ದರೆ `while` ಇರಬೇಕಾದಲ್ಲಿ ಎರಡನೆಯ ಕರೆ ಕೂತಿದೆಯೇ ಎಂದು ಹುಡುಕಿ.